ಶೇಕಡಾ ಒಂದು ಅಂದ್ರೆ ಎಷ್ಟು ಮಂದಿ?

'ನಮ್ಮ ಸಾಫ್ಟ್‌ವೇರ್ ತಪ್ಪು ಮಾಡೋದು ಶೇಕಡಾ 1ಕ್ಕಿಂತಲೂ ಕಡಿಮೆ.' ಈ ಒಂದು ವಾಕ್ಯದ ಮೇಲೆ ಇವತ್ತು ಎಷ್ಟೋ ಕಾಲೇಜುಗಳಲ್ಲಿ ಮಕ್ಕಳ ಭವಿಷ್ಯ ತೀರ್ಮಾನ ಆಗ್ತಾ ಇದೆ. ಅಸೈನ್‌ಮೆಂಟನ್ನು ವಿದ್ಯಾರ್ಥಿ ಬರೆದನೋ, ಚಾಟ್‌ಜಿಪಿಟಿ ಬರೆಯಿತೋ ಎಂದು ಹೇಳುವ ಪತ್ತೇದಾರಿ ಸಾಫ್ಟ್‌ವೇರುಗಳು ಬಂದಿವೆಯಲ್ಲ, ಅವುಗಳ ವಿಷಯ ಹೇಳ್ತಾ ಇದ್ದೇನೆ. ಸಾಫ್ಟ್‌ವೇರ್ ಕೆಂಪು ಬಣ್ಣ ತೋರಿಸಿತು, ಶೇಕಡಾ 1 ಮಾತ್ರ ತಪ್ಪಾಗೋದು, ಹಾಗಾದ್ರೆ ಈ ಹುಡುಗ ಕದ್ದಿರೋದು ಶೇಕಡಾ 99 ಖಚಿತ. ತರ್ಕ ಎಷ್ಟು ನುಣುಪಾಗಿದೆ ನೋಡಿ! ಆದರೆ ಇದು ಪೂರ್ತಿ ತಪ್ಪು. ಸ್ವಲ್ಪ ಹೆಚ್ಚುಕಮ್ಮಿ ಆಗುವ ತಪ್ಪಲ್ಲ, ಬುಡದಲ್ಲೇ ತಪ್ಪು. ಈ ತಪ್ಪನ್ನು ಮಾಡ್ತಾ ಇರೋರು ಬೇರೆ ಯಾರೋ ಅಲ್ಲ, ಮಕ್ಕಳಿಗೆ ಸಂಭವನೀಯತೆಯ ಪಾಠ ಹೇಳೋ ಸಂಸ್ಥೆಗಳು.

ನಾನು ಹೊಟ್ಟೆಪಾಡಿಗೆ ಮಾಡೋ ಕೆಲಸ ಇದಕ್ಕೆ ಹತ್ತಿರದ್ದೇ. ಕಾರ್ಡು ವ್ಯವಹಾರಗಳಲ್ಲಿ ಮೋಸ ಹುಡುಕೋ ತಂಡದಲ್ಲಿದ್ದೇನೆ. ನಮ್ಮಲ್ಲಿ ಹೊಸದಾಗಿ ಸೇರಿದವರಿಗೆ ಮೊದಲ ವಾರವೇ ಹೇಳಿಕೊಡುವ ಪಾಠ ಒಂದಿದೆ: ಅಲರ್ಟ್ ಬಂತು ಅಂದ್ರೆ ಕಳ್ಳ ಸಿಕ್ಕ ಅಂತಲ್ಲ, ಫೋನ್ ಮಾಡಿ ವಿಚಾರಿಸು ಅಂತ. ಸಾವಿರಗಟ್ಟಲೆ ವ್ಯವಹಾರಗಳಲ್ಲಿ ಮೋಸದ್ದು ಎಲ್ಲೋ ಒಂದೆರಡು. ಉಳಿದವೆಲ್ಲ ಗೋವಾಕ್ಕೆ ಹೋಗಿ ಕಾರ್ಡು ಉಜ್ಜಿದವರು, ಮಗಳ ಮದುವೆಗೆ ಒಡವೆ ಕೊಂಡವರು. ಗಿರಾಕಿಯ ಕಾರ್ಡಿಗೆ ತೋರಿಸುವ ಈ ಸಣ್ಣ ಮರ್ಯಾದೆಯನ್ನು ಒಬ್ಬ ವಿದ್ಯಾರ್ಥಿಯ ಹೆಸರಿಗೆ ಯಾಕೆ ತೋರಿಸುತ್ತಿಲ್ಲ ಅನ್ನೋದೇ ನನ್ನ ತಕರಾರು.

ಬಾಯಲ್ಲಿ ಹೇಳಿದ್ರೆ ಆಗಲ್ಲ, ಲೆಕ್ಕ ಹಾಕೋಣ. ಹೆದರಬೇಡಿ, ಕೂಡೋದು ಕಳೆಯೋದು ಬಿಟ್ಟರೆ ಬೇರೇನೂ ಇಲ್ಲ.

ಒಂದು ದೊಡ್ಡ ಕಾಲೇಜು. ಮೊದಲ ವರ್ಷದವರೆಲ್ಲ ಬರೆಯಲೇಬೇಕಾದ ಒಂದು ಅಸೈನ್‌ಮೆಂಟು. ಒಟ್ಟು 1000 ವಿದ್ಯಾರ್ಥಿಗಳು. ಇವರಲ್ಲಿ ನಿಜವಾಗಿಯೂ ಯಂತ್ರದಿಂದ ಬರೆಸಿದವರು ಶೇಕಡಾ 2, ಅಂದರೆ 20 ಮಂದಿ ಅಂದುಕೊಳ್ಳಿ. ಉಳಿದ 980 ಮಂದಿ ರಾತ್ರಿ ಕೂತು ತಾವೇ ಬರೆದವರು. ಸಾಫ್ಟ್‌ವೇರ್ ಒಳ್ಳೆಯದೇ ಇದೆ ಅಂತ ಇಟ್ಟುಕೊಳ್ಳೋಣ: ಯಂತ್ರ ಬರೆದದ್ದರಲ್ಲಿ ಶೇಕಡಾ 85ನ್ನು ಹಿಡಿಯುತ್ತೆ, ಮನುಷ್ಯ ಬರೆದದ್ದರಲ್ಲಿ ಶೇಕಡಾ 1ನ್ನು ಮಾತ್ರ ತಪ್ಪಾಗಿ ಹಿಡಿಯುತ್ತೆ. ಈ ಎರಡನೆಯದಕ್ಕೇ ಫಾಲ್ಸ್ ಪಾಸಿಟಿವ್ ಅನ್ನೋದು.

ಈಗ ಎಣಿಸಿ. ಬರೆಸಿದ 20 ಮಂದಿಯಲ್ಲಿ 17 ಜನ ಸಿಕ್ಕಿಬಿದ್ದರು, ಮೂವರು ತಪ್ಪಿಸಿಕೊಂಡರು. ಪ್ರಾಮಾಣಿಕವಾಗಿ ಬರೆದ 980 ಮಂದಿಯಲ್ಲಿ ಶೇಕಡಾ 1, ಅಂದರೆ ಹತ್ತಿರ ಹತ್ತಿರ 10 ಜನಕ್ಕೂ ಕೆಂಪು ಗುರುತು ಬಿತ್ತು. ಪ್ರಿನ್ಸಿಪಾಲರ ಮೇಜಿನ ಮೇಲೆ ಬಂದು ಕೂತ ಪಟ್ಟಿಯಲ್ಲಿ ಒಟ್ಟು 27 ಹೆಸರು. ಅದರಲ್ಲಿ 10 ಹೆಸರು ಏನೂ ತಪ್ಪು ಮಾಡದವರದ್ದು. ಹತ್ತಿರ ಹತ್ತಿರ ಮೂವರಲ್ಲಿ ಒಬ್ಬರಿಗಿಂತಲೂ ಹೆಚ್ಚು!

ಶೇಕಡಾ 1 ಹೋಗಿ ಶೇಕಡಾ 37 ಆಗಿದ್ದು ಹೇಗೆ? ಇಲ್ಲಿ ಯಾರೂ ಕಣ್ಕಟ್ಟು ಮಾಡಿಲ್ಲ. ಪ್ರಶ್ನೆಯೇ ಬದಲಾಗಿದೆ, ಅಷ್ಟೆ. ಕಂಪನಿ ಉತ್ತರ ಕೊಟ್ಟಿದ್ದು, 'ತಪ್ಪು ಮಾಡದವನೊಬ್ಬನಿಗೆ ಕೆಂಪು ಗುರುತು ಬೀಳುವ ಸಾಧ್ಯತೆ ಎಷ್ಟು?' ಅನ್ನೋ ಪ್ರಶ್ನೆಗೆ. ಪ್ರಿನ್ಸಿಪಾಲರಿಗೆ ಬೇಕಾಗಿರೋದು, 'ಕೆಂಪು ಗುರುತು ಬಿದ್ದವನೊಬ್ಬ ತಪ್ಪು ಮಾಡದಿರುವ ಸಾಧ್ಯತೆ ಎಷ್ಟು?' ಅನ್ನೋದಕ್ಕೆ ಉತ್ತರ. ಕೇಳೋದಕ್ಕೆ ಒಂದೇ ಥರ ಇವೆ. ಆದರೆ ಬೆಂಗಳೂರಿನಲ್ಲಿರೋರಲ್ಲಿ ಮೇಯರ್ ಆಗಿದ್ದೋರು ಎಷ್ಟು, ಮೇಯರ್ ಆಗಿದ್ದೋರಲ್ಲಿ ಬೆಂಗಳೂರಿನೋರು ಎಷ್ಟು ಅಂದರೆ ಒಂದೇ ಪ್ರಶ್ನೆ ಆಗುತ್ತಾ? ಮೊದಲನೇ ಪ್ರಶ್ನೆಯಿಂದ ಎರಡನೇದಕ್ಕೆ ಹೋಗಬೇಕಾದರೆ ನಡುವೆ ಒಂದು ಸಂಖ್ಯೆ ಬೇಕು: ಆ ಗುಂಪಿನಲ್ಲಿ ಮೊದಲೇ ಎಷ್ಟು ಜನ ಕಳ್ಳರಿದ್ದಾರೆ ಅನ್ನೋದು. ಇದಕ್ಕೆ ಬೇಸ್ ರೇಟ್ ಅಂತಾರೆ, ಮೂಲ ಪ್ರಮಾಣ ಅನ್ನಿ. ಈ ಸಂಖ್ಯೆ ಸಾಫ್ಟ್‌ವೇರ್ ಮಾರೋ ಕಂಪನಿಯ ಹತ್ತಿರ ಇರೋದಿಲ್ಲ, ಯಾಕಂದ್ರೆ ಅದು ನಿಮ್ಮ ತರಗತಿಯ ಗುಣ, ಅವರ ಸಾಫ್ಟ್‌ವೇರಿನ ಗುಣ ಅಲ್ಲ.

ತರಗತಿ ಬದಲಾದರೆ ಉತ್ತರವೂ ಬದಲಾಗುತ್ತೆ. ಅದೇ 1000 ಜನರಲ್ಲಿ ಯಂತ್ರದಿಂದ ಬರೆಸಿದವರು 200 ಇದ್ದರೆ 170 ಜನ ಸಿಕ್ಕಿಬೀಳ್ತಾರೆ. ಉಳಿದ 800 ಪ್ರಾಮಾಣಿಕರಲ್ಲಿ 8 ಜನಕ್ಕೆ ಕೆಂಪು ಗುರುತು. ಪಟ್ಟಿಯಲ್ಲಿ 178 ಹೆಸರು, ನಿರಪರಾಧಿಗಳು 8, ಅಂದರೆ ಶೇಕಡಾ 5ಕ್ಕಿಂತ ಕಡಿಮೆ. ಸಾಫ್ಟ್‌ವೇರ್ ಅದೇ, ಶೇಕಡಾ 1 ಅದೇ. ಒಂದು ತರಗತಿಯಲ್ಲಿ ಅದರ ಮಾತು ಬಹಳಮಟ್ಟಿಗೆ ನಿಜ, ಇನ್ನೊಂದರಲ್ಲಿ ಮೂರಕ್ಕೊಂದು ಸುಳ್ಳು. ಇದರಲ್ಲಿರುವ ವ್ಯಂಗ್ಯ ಗಮನಿಸಿ. ಮಕ್ಕಳು ಎಷ್ಟು ಪ್ರಾಮಾಣಿಕರೋ ಈ ಪಟ್ಟಿ ಅಷ್ಟೇ ಅಪ್ರಾಮಾಣಿಕವಾಗುತ್ತೆ. ಇಡೀ ತರಗತಿ ಸತ್ಯಹರಿಶ್ಚಂದ್ರರೇ ಆಗಿದ್ದರೆ ಪಟ್ಟಿಯಲ್ಲಿರುವ ಪ್ರತಿ ಹೆಸರೂ ತಪ್ಪು.

ಇದು ನನ್ನ ತಲೆಯಲ್ಲಿ ಹುಟ್ಟಿದ ಭಯ ಅಲ್ಲ. ಅಮೆರಿಕದ ಟೆನೆಸ್ಸಿಯಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಇದೆ. ಟರ್ನಿಟಿನ್ ಕಂಪನಿ 2023ರ ಏಪ್ರಿಲ್‌ನಲ್ಲಿ ಈ ಪತ್ತೆ ಸೌಲಭ್ಯವನ್ನು ಶುರು ಮಾಡಿದಾಗ ಹೇಳಿದ್ದು ಇದೇ ಮಾತು, ಶೇಕಡಾ 1ಕ್ಕಿಂತ ಕಡಿಮೆ ಅಂತ. ವ್ಯಾಂಡರ್‌ಬಿಲ್ಟ್‌ನವರು ಒಂದು ಸರಳ ಗುಣಾಕಾರ ಮಾಡಿದರು. 2022ರಲ್ಲಿ ಅವರಿಂದ ಟರ್ನಿಟಿನ್‌ಗೆ ಹೋಗಿದ್ದು 75,000 ಬರಹಗಳು. ಆಗಲೇ ಈ ಸೌಲಭ್ಯ ಇದ್ದಿದ್ದರೆ, ಶೇಕಡಾ 1ರ ಲೆಕ್ಕದಲ್ಲಿ ಸುಮಾರು 750 ಬರಹಗಳ ಮೇಲೆ ಸುಳ್ಳು ಆರೋಪ ಬರುತ್ತಿತ್ತು. 2023ರ ಆಗಸ್ಟ್‌ನಲ್ಲಿ ಅವರು ಆ ಸೌಲಭ್ಯವನ್ನು ನಿಲ್ಲಿಸಿಬಿಟ್ಟರು. ಐದನೇ ಕ್ಲಾಸಿನ ಗಣಿತ ಸಾಕಾಯಿತು, ಸ್ವಾಮಿ. ನಮ್ಮವರಿಗೆ ಅದನ್ನು ಮಾಡೋದಕ್ಕೂ ಪುರುಸೊತ್ತಿಲ್ಲ.

ಓಪನ್‌ಎಐ ಕಂಪನಿಯ ಕತೆ ಇನ್ನೂ ಸ್ವಾರಸ್ಯ. ಚಾಟ್‌ಜಿಪಿಟಿ ಮಾಡಿದವರೇ 2023ರ ಜನವರಿಯಲ್ಲಿ ಒಂದು ಪತ್ತೇದಾರಿಯನ್ನೂ ಬಿಟ್ಟರು. ಅವರೇ ಕೊಟ್ಟ ಅಂಕಿ ಪ್ರಕಾರ ಅದು ಯಂತ್ರ ಬರೆದದ್ದರಲ್ಲಿ ಹಿಡಿದದ್ದು ಶೇಕಡಾ 26, ಮನುಷ್ಯರು ಬರೆದದ್ದನ್ನು ತಪ್ಪಾಗಿ ಹಿಡಿದದ್ದು ಶೇಕಡಾ 9. ನಮ್ಮ 1000 ಜನರ ತರಗತಿಗೆ ಇದನ್ನು ಹಾಕಿ ನೋಡಿ. 20 ಕಳ್ಳರಲ್ಲಿ 5 ಜನ ಸಿಗ್ತಾರೆ, 980 ಪ್ರಾಮಾಣಿಕರಲ್ಲಿ 88 ಜನ ಸಿಗ್ತಾರೆ. ಬಲೆ ಹಾಕಿದ್ದು ಇಲಿಗೆ, ಬಿದ್ದಿದ್ದೆಲ್ಲ ಮನೆಯ ಬೆಕ್ಕು! ಅದೇ ವರ್ಷದ ಜುಲೈನಲ್ಲಿ, ನಿಖರತೆ ಕಡಿಮೆ ಅಂತ ಕಾರಣ ಕೊಟ್ಟು, ಅವರೇ ಅದನ್ನು ವಾಪಸ್ ತಗೊಂಡರು.

'ಒಂದು ಅಸೈನ್‌ಮೆಂಟಿಗೆ 10 ಜನ ತಾನೇ, ವಿಚಾರಿಸಿ ಬಿಟ್ಟರಾಯಿತು' ಅಂತ ನೀವು ಹೇಳಬಹುದು. ಆದರೆ ಯಾವ ವಿದ್ಯಾರ್ಥಿಯೂ ಒಂದೇ ಅಸೈನ್‌ಮೆಂಟು ಬರೆದು ಡಿಗ್ರಿ ತಗೊಳ್ಳೋದಿಲ್ಲ. ವರ್ಷಕ್ಕೆ ಹತ್ತು ಅಂತ ಇಟ್ಟುಕೊಂಡರೂ ನಾಲ್ಕು ವರ್ಷಕ್ಕೆ 40 ಆಯಿತು. ಪ್ರತಿ ಸಲವೂ ಶೇಕಡಾ 1ರ ಅಪಾಯ ಹೊಸದಾಗಿ ಬರುತ್ತೆ ಅಂದುಕೊಂಡರೆ, 40 ಸಲವೂ ಬಚಾವಾಗುವ ಸಾಧ್ಯತೆ 0.99ನ್ನು 40 ಸಲ ಗುಣಿಸಿದಷ್ಟು, ಅಂದರೆ ಸುಮಾರು ಶೇಕಡಾ 67. ಉಳಿದ ಶೇಕಡಾ 33 ಮಂದಿಗೆ, ಜೀವನದಲ್ಲಿ ಒಂದು ಸಾಲು ಕದಿಯದಿದ್ದರೂ, ಡಿಗ್ರಿ ಮುಗಿಯೋದರೊಳಗೆ ಒಂದು ಸಲವಾದರೂ ಕಳ್ಳ ಅನ್ನೋ ಚೀಟಿ ಅಂಟುತ್ತೆ. ಶೇಕಡಾ 1 ಅಂತ ಒಳಗೆ ಬಂದದ್ದು ಹೊರಗೆ ಹೋಗುವಾಗ ಮೂವರಲ್ಲಿ ಒಬ್ಬ ಆಗಿರುತ್ತೆ.

ಅಪಾಯ ಪ್ರತಿ ಸಲ ಹೊಸದಾಗಿ ಬರುತ್ತೆ, ಎಲ್ಲರಿಗೂ ಸಮನಾಗಿ ಹಂಚಿಕೆಯಾಗುತ್ತೆ ಅನ್ನೋದು ನಾನು ಲೆಕ್ಕಕ್ಕೋಸ್ಕರ ಒಪ್ಪಿಕೊಂಡ ಮಾತು. ವಾಸ್ತವ ಹಾಗಿರೋದಿಲ್ಲ, ಮತ್ತು ಅದರಿಂದ ವಿಷಯ ಇನ್ನಷ್ಟು ಕೆಡುತ್ತೆ. ಇಂಥ ಹಲವು ಸಾಫ್ಟ್‌ವೇರುಗಳು ನೋಡೋದು ಮುಖ್ಯವಾಗಿ ಒಂದನ್ನು: ಮುಂದಿನ ಪದ ಯಾವುದು ಬರುತ್ತೆ ಅಂತ ಎಷ್ಟು ಸುಲಭವಾಗಿ ಊಹಿಸಬಹುದು ಅನ್ನೋದನ್ನು. ಊಹೆಗೆ ಸುಲಭವಾಗಿ ಸಿಕ್ಕುವ ಬರಹ ಯಂತ್ರದ್ದು, ಸಿಕ್ಕದ್ದು ಮನುಷ್ಯನದ್ದು ಅನ್ನೋದು ಅದರ ಅಂದಾಜು. ಹಾಗಾದರೆ ಸೀಮಿತ ಪದಗಳಲ್ಲಿ, ಸಣ್ಣ ವಾಕ್ಯಗಳಲ್ಲಿ, ವ್ಯಾಕರಣ ತಪ್ಪದ ಹಾಗೆ ಹೆದರಿ ಹೆದರಿ ಇಂಗ್ಲಿಷ್ ಬರೆಯೋರು ಯಾರು?

ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೇದಾರಿ ಸಾಫ್ಟ್‌ವೇರುಗಳಿಗೆ ಕೊಟ್ಟರು. ಎಲ್ಲವೂ ಮನುಷ್ಯರೇ ಬರೆದವು. ಆದರೂ ಸರಾಸರಿ ಶೇಕಡಾ 61ರಷ್ಟು ಪ್ರಬಂಧಗಳು ಯಂತ್ರದ್ದು ಅಂತ ಬಂತು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳನ್ನು ಕೊಟ್ಟಾಗ ಅವೇ ಸಾಫ್ಟ್‌ವೇರುಗಳು ಹೆಚ್ಚುಕಡಿಮೆ ಸರಿಯಾಗಿಯೇ ಹೇಳಿದವು. ಆ ಏಳರಲ್ಲಿದ್ದ ಸಾಫ್ಟ್‌ವೇರುಗಳ ಸ್ಥಿತಿಯೇ ಇವತ್ತಿನ ಎಲ್ಲದರ ಸ್ಥಿತಿ ಅಂತ ನಾನು ಹೇಳೋದಿಲ್ಲ. ಆದರೆ ಒಂದು ಮಾತು ಅಲ್ಲಿಂದ ಖಂಡಿತ ಹೊರಡುತ್ತೆ: ಫಾಲ್ಸ್ ಪಾಸಿಟಿವ್ ಅನ್ನೋದು ಸಾಫ್ಟ್‌ವೇರಿನ ಡಬ್ಬದ ಮೇಲೆ ಅಚ್ಚು ಹಾಕಬಹುದಾದ ಒಂದೇ ಸಂಖ್ಯೆ ಅಲ್ಲ. ಯಾರ ಬರಹ ಅನ್ನೋದರ ಮೇಲೆ ಅದು ಬದಲಾಗುತ್ತೆ.

ನಮ್ಮ 1000 ಜನರ ತರಗತಿಗೆ ವಾಪಸ್ ಬನ್ನಿ. ಲೆಕ್ಕ ಹಗುರ ಆಗಲಿ, ಈ ಸಲ ಎಲ್ಲರೂ ಪ್ರಾಮಾಣಿಕರೇ ಅಂದುಕೊಳ್ಳೋಣ. 800 ಜನ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, 200 ಜನ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮೊದಲ ಗುಂಪಿನಲ್ಲಿ 2 ಜನ, ಎರಡನೇ ಗುಂಪಿನಲ್ಲಿ 8 ಜನ ತಪ್ಪಾಗಿ ಸಿಕ್ಕಿಬಿದ್ದರು ಅಂತ ಇಟ್ಟುಕೊಳ್ಳಿ. ಒಟ್ಟು 10. ಸಾವಿರಕ್ಕೆ ಹತ್ತು, ಶೇಕಡಾ 1, ಕಂಪನಿ ಹೇಳಿದ ಮಾತು ಅಕ್ಷರಶಃ ನಿಜ! ಆದರೆ ಇಂಗ್ಲಿಷ್ ಮೀಡಿಯಂ ಹುಡುಗನಿಗೆ ಅಪಾಯ 400ರಲ್ಲಿ ಒಂದು, ಕನ್ನಡ ಮೀಡಿಯಂ ಹುಡುಗಿಗೆ 25ರಲ್ಲಿ ಒಂದು. ಹದಿನಾರು ಪಟ್ಟು. ಸರಾಸರಿ ಅನ್ನೋ ಕಂಬಳಿಯೊಳಗೆ ಇದೆಲ್ಲ ಮುಚ್ಚಿಹೋಗುತ್ತೆ. ಅಷ್ಟೇ ಅಲ್ಲ, ಬರೆಯೋ ಶೈಲಿ ಪ್ರತಿ ಅಸೈನ್‌ಮೆಂಟಿಗೂ ಬದಲಾಗೋದಿಲ್ಲ. ಒಂದು ಸಲ ಸಿಕ್ಕಿಬಿದ್ದವಳೇ ಮತ್ತೆ ಸಿಕ್ಕಿಬೀಳ್ತಾಳೆ. ಆಗ ಏನನ್ನುತ್ತಾರೆ ಗೊತ್ತಾ? 'ಒಂದು ಸಲ ಆದ್ರೆ ಕಾಕತಾಳೀಯ, ಮೂರು ಸಲ ಆಯ್ತಲ್ಲ!' ಅದು ಮೂರು ಸಾಕ್ಷಿ ಅಲ್ಲ, ಒಂದೇ ತಪ್ಪಿನ ಮೂರು ಪ್ರತಿ. ಇನ್ನೊಂದು ಸಾಫ್ಟ್‌ವೇರಿಗೆ ಹಾಕಿ 'ಅದೂ ಹಾಗೇ ಹೇಳ್ತು' ಅನ್ನೋದೂ ಇದೇ ಜಾತಿಯ ವಾದ. ಎರಡೂ ಅದೇ ಊಹೆಯ ಕನ್ನಡಕ ಹಾಕಿಕೊಂಡು ನೋಡಿದರೆ ಎರಡಕ್ಕೂ ಕಾಣೋದು ಅದೇ.

ನನ್ನ ಚಿಕ್ಕಪ್ಪನ ಮಗಳು ಹೀಗೇ ಸಿಕ್ಕಿಬಿದ್ದಳು. ಯಾವ ಕಾಲೇಜು ಅನ್ನೋದು ಬೇಡ, ಅವಳು ಇನ್ನೂ ಅಲ್ಲೇ ಓದಬೇಕು. ಹತ್ತರವರೆಗೆ ಸರ್ಕಾರಿ ಶಾಲೆ, ಇಂಗ್ಲಿಷನ್ನು ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟ ಹಾಗೆ ಕಟ್ಟಿಕೊಂಡವಳು. 'ಅಣ್ಣಾ, ನಾನೇ ಬರೆದಿದ್ದು ಅಂತ ಹೆಂಗೆ ಪ್ರೂವ್ ಮಾಡ್ಲಿ?' ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕಂದ್ರೆ ಅಂಥ ಉತ್ತರವೇ ಇಲ್ಲ. ಇನ್ನೊಬ್ಬರ ಪುಸ್ತಕದಿಂದ ಕದ್ದಿದ್ದೀಯ ಅಂದರೆ ಆ ಪುಸ್ತಕ ತೋರಿಸಿ ಅನ್ನಬಹುದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಇಲ್ಲಿ ಪಕ್ಕದಲ್ಲಿ ಇಡೋದಕ್ಕೆ ಏನೂ ಇಲ್ಲ. ಒಂದು ಸಂಖ್ಯೆ ಇದೆ, ಅಷ್ಟೆ. ಆರೋಪ ಮಾಡಿದವರು ಸಾಬೀತು ಮಾಡಬೇಕು ಅನ್ನೋ ನ್ಯಾಯ ತಲೆಕೆಳಗಾಗಿ, ಆರೋಪ ಹೊತ್ತವಳೇ ಓಡಾಡಬೇಕು.

ಓದಿದವರೂ ಈ ಲೆಕ್ಕದಲ್ಲಿ ಎಡವುತ್ತಾರೆ ಅನ್ನೋದು ಹಳೇ ಸಂಗತಿ. 1978ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ 60 ವೈದ್ಯರು ಮತ್ತು ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಕೇಳಿದ್ದರು: ಸಾವಿರಕ್ಕೆ ಒಬ್ಬರಿಗೆ ಬರೋ ಕಾಯಿಲೆ, ಪರೀಕ್ಷೆಯ ಫಾಲ್ಸ್ ಪಾಸಿಟಿವ್ ಶೇಕಡಾ 5, ರೋಗಿಯ ಬಗ್ಗೆ ಬೇರೇನೂ ಗೊತ್ತಿಲ್ಲ. ಪಾಸಿಟಿವ್ ಬಂದವನಿಗೆ ನಿಜವಾಗಿ ಕಾಯಿಲೆ ಇರುವ ಸಾಧ್ಯತೆ ಎಷ್ಟು? ಹೆಚ್ಚು ಜನ ಕೊಟ್ಟ ಉತ್ತರ ಶೇಕಡಾ 95. ಸರಿಯುತ್ತರ ಸುಮಾರು ಶೇಕಡಾ 2. ಸರಿಯಾಗಿ ಹೇಳಿದವರು 11 ಮಂದಿ. ಆದ್ದರಿಂದ ಕಾಲೇಜಿನ ಮೇಷ್ಟ್ರುಗಳು ದಡ್ಡರು ಅಂತ ನಾನು ಹೇಳ್ತಾ ಇಲ್ಲ. ಆದರೆ ಆ ವೈದ್ಯರು ಎಡವಿದ್ದು ಕಾಗದದ ಮೇಲೆ. ಇಲ್ಲಿ ಎಡವಿದರೆ ಬೀಳೋದು ಮಕ್ಕಳು.

ಮೇಷ್ಟ್ರುಗಳ ಕಷ್ಟವೂ ನನಗೆ ಗೊತ್ತು. ನಕಲು ನಡೀತಾ ಇದೆ, ಅದನ್ನು ನೋಡಿ ಕಣ್ಣು ಮುಚ್ಚಿಕೊಳ್ಳಿ ಅಂತ ನಾನು ಹೇಳೋದಿಲ್ಲ. ನೂರಾರು ಮಕ್ಕಳಿಗೆ ಒಬ್ಬರೇ ಅಧ್ಯಾಪಕರು, ಸಹಿ ಹಾಕೋದಕ್ಕೇ ಸಮಯ ಇಲ್ಲ. ಆದರೆ ಸಮಯ ಇಲ್ಲ ಅನ್ನೋದು ತಪ್ಪು ಲೆಕ್ಕಕ್ಕೆ ಸಮರ್ಥನೆ ಆಗೋದಿಲ್ಲ. ಅದಕ್ಕೇ ಮೂರು ಬೇಡಿಕೆ ಇಡ್ತೀನಿ. ಮೂರಕ್ಕೂ ದುಡ್ಡು ಬೇಕಾಗಿಲ್ಲ.

ಮೊದಲನೆಯದು, ಕಂಪನಿಯ ಶೇಕಡಾ 1ನ್ನು ನಂಬಬೇಡಿ, ನೀವೇ ಅಳೆಯಿರಿ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ಕ್ಕೆ. ಅದಕ್ಕಿಂತ ಹಿಂದಿನ ಅಸೈನ್‌ಮೆಂಟುಗಳು ನಿಮ್ಮ ಕಾಲೇಜಿನ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತವೆ. ಅವನ್ನು ಸಾಫ್ಟ್‌ವೇರಿಗೆ ಕೊಡಿ. ಆಗ ಚಾಟ್‌ಜಿಪಿಟಿಯೇ ಇರಲಿಲ್ಲ, ಹಾಗಾಗಿ ಬೀಳುವ ಕೆಂಪು ಗುರುತುಗಳೆಲ್ಲ ಹೆಚ್ಚುಕಡಿಮೆ ಸುಳ್ಳೇ. 500ರಲ್ಲಿ 15ಕ್ಕೆ ಬಿದ್ದರೆ ನಿಮ್ಮ ಮಕ್ಕಳ ಮಟ್ಟಿಗೆ ಅದರ ತಪ್ಪು ಶೇಕಡಾ 3. ಕನ್ನಡ ಮೀಡಿಯಂ ಮಕ್ಕಳದ್ದನ್ನು ಬೇರೆ ಮಾಡಿ ಎಣಿಸಿ. ಒಂದು ಎಚ್ಚರಿಕೆ: ಬರೀ 300 ಹಾಕಿ, ಒಂದಕ್ಕೂ ಬೀಳಲಿಲ್ಲ ಅಂತ ಸಂಭ್ರಮ ಪಡಬೇಡಿ. 300ರಲ್ಲಿ ಸೊನ್ನೆ ಬಂದರೂ ನಿಜವಾದ ತಪ್ಪು ಶೇಕಡಾ 1ರವರೆಗೂ ಇರಬಹುದು. ಸಣ್ಣ ಮಾದರಿ ಅಷ್ಟಕ್ಕಿಂತ ಹೆಚ್ಚಿನ ಭರವಸೆ ಕೊಡೋದಿಲ್ಲ.

ಎರಡನೆಯದು, ಯಾರ ಹೆಸರನ್ನೂ ನೋಡುವ ಮುಂಚೆ ಪಟ್ಟಿಯ ಉದ್ದ ನೋಡಿ. 1000 ಜನರಿಗೆ ಶೇಕಡಾ 1ರಂತೆ 10 ಸುಳ್ಳು ಗುರುತುಗಳು ಹೇಗೂ ಬರಬೇಕು. ಬಂದದ್ದು ಒಟ್ಟು 12 ಆದರೆ ಆ ಪಟ್ಟಿ ಹೆಚ್ಚುಕಡಿಮೆ ಪೂರ್ತಿ ಕಸ. ಅದನ್ನು ಹಿಡಿದುಕೊಂಡು ಯಾರನ್ನೂ ಕರೆಸಬೇಡಿ. 180 ಬಂದರೆ ತರಗತಿಯಲ್ಲಿ ನಿಜವಾಗಿಯೂ ಏನೋ ನಡೆದಿದೆ. ಆಗಲೂ ಯಾರು ಅನ್ನೋದು ಗೊತ್ತಾಗಿರೋದಿಲ್ಲ, ಏನೋ ನಡೆದಿದೆ ಅನ್ನೋದು ಮಾತ್ರ ಗೊತ್ತಾಗಿರುತ್ತೆ.

ಮೂರನೆಯದು, ಗುರುತು ಬಿದ್ದವರನ್ನು ಕೂರಿಸಿ ಮಾತಾಡಿಸಿ. ನೋಟೀಸ್ ಕೊಡಬೇಡಿ, ಅಪ್ಪ ಅಮ್ಮನ್ನ ಕರೆಸಬೇಡಿ, ಮಾರ್ಕ್ಸ್ ತಡೆಹಿಡಿಯಬೇಡಿ. ಹತ್ತು ನಿಮಿಷ ಸಾಕು: ಈ ಪ್ಯಾರಾ ಯಾಕೆ ಹೀಗೆ ಬರೆದೆ, ಈ ಉದಾಹರಣೆ ಎಲ್ಲಿ ಸಿಕ್ತು, ಕರಡು ಇದ್ದರೆ ತೋರಿಸು. ತಾನೇ ಬರೆದವಳು ತಡವರಿಸಿಯಾದರೂ ಹೇಳ್ತಾಳೆ, ಕನ್ನಡದಲ್ಲೇ ಹೇಳಲಿ ಬಿಡಿ. ಇದು ಸಾಫ್ಟ್‌ವೇರಿನ ಕನ್ನಡಕ ಅಲ್ಲ, ಬೇರೆಯದೇ ಕಣ್ಣು. ಅದಕ್ಕೇ ಇದರ ಸಾಕ್ಷಿಗೆ ಬೆಲೆ. 27 ಜನರಿಗೆ ತಲಾ ಹತ್ತು ನಿಮಿಷ ಅಂದರೆ ನಾಲ್ಕೂವರೆ ಗಂಟೆ. ಒಂದು ಸೆಮಿಸ್ಟರಿನಲ್ಲಿ ನಾಲ್ಕೂವರೆ ಗಂಟೆ ಕೊಡೋದಕ್ಕೆ ಆಗದ ಸಂಸ್ಥೆಗೆ ಹತ್ತು ಮಕ್ಕಳ ಹಣೆಯ ಮೇಲೆ ಕಳ್ಳ ಅಂತ ಬರೆಯುವ ಹಕ್ಕೂ ಇಲ್ಲ.

ಇದನ್ನು ಓದ್ತಾ ಇರೋರಲ್ಲಿ ಇಂಥ ಸಾಫ್ಟ್‌ವೇರ್ ಬರೆಯೋರು ಇದ್ದೀರಿ, ಮಾರೋರು ಇದ್ದೀರಿ, ಕಾಲೇಜಿನ ಸಮಿತಿಗಳಲ್ಲಿ ಹಳೇ ವಿದ್ಯಾರ್ಥಿ ಅಂತ ಕೂರೋರೂ ಇದ್ದೀರಿ. ಮುಂದಿನ ಸಲ ಯಾರಾದರೂ ಸ್ಲೈಡಿನ ಮೇಲೆ ಶೇಕಡಾ 1 ಅಂತ ತೋರಿಸಿದಾಗ ಎರಡು ಪ್ರಶ್ನೆ ಕೇಳಿ: 'ಎಷ್ಟು ಜನರಲ್ಲಿ ಶೇಕಡಾ 1? ಪಟ್ಟಿಯಲ್ಲಿ ಬಂದವರಲ್ಲಿ ತಪ್ಪು ಮಾಡದವರು ಎಷ್ಟು?' ಎರಡಕ್ಕೂ ಸಂಖ್ಯೆಯಲ್ಲಿ ಉತ್ತರ ಬರೋವರೆಗೂ ಆ ಪಟ್ಟಿ ಯಾರ ಮೇಜಿನ ಮೇಲೂ ಹೋಗೋದು ಬೇಡ.